ಯಾವ ಕ್ರಿಯಾಪದ ಯಾರದು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳಿಗೆ ಒಂದೊಂದು ಪದದ ಅರ್ಥ ಗೊತ್ತು, ವಾಕ್ಯ ಉದ್ದವಾದರೆ ಮಾತ್ರ ಎಲ್ಲಾ ಕಲಸಿಹೋಗುತ್ತೆ. ನಮ್ಮ ಬೀದರ್ ಬಗ್ಗೆ ನಾನೇ ಒಂದು ವಾಕ್ಯ ಬರೆದು ಕೊಟ್ಟೆ: ‘ದ ಮದರಸಾ ದಟ್ ಮಹಮೂದ್ ಗವಾನ್, ಹೂ ಹ್ಯಾಡ್ ಕಮ್ ಟು ಬೀದರ್ ಫ್ರಮ್ ಪರ್ಷಿಯಾ, ಬಿಲ್ಟ್ ಇನ್ 1472 ವಾಸ್ ಬ್ಯಾಡ್ಲಿ ಡ್ಯಾಮೇಜ್ಡ್ ವೆನ್ ಗನ್‌ಪೌಡರ್ ಸ್ಟೋರ್ಡ್ ಇನ್‌ಸೈಡ್ ಎಕ್ಸ್‌ಪ್ಲೋಡೆಡ್.’ ಅರ್ಧ ಕ್ಲಾಸು ‘ಗವಾನ್ ಒಳಗೆ ಸಿಡಿಮದ್ದು ಇಟ್ಟ’ ಅಂತ ಬರೆದಿದೆ. ಎಲ್ಲಿಂದ ಶುರು ಮಾಡಲಿ?
— ಶಿಕ್ಷಕಿ, ಹುಮನಾಬಾದ್

ಉತ್ತರ: ಪಾಪ ಗವಾನ್! ಅವರನ್ನು ಕೊಂದದ್ದು 1481ರಲ್ಲಿ. ಸಿಡಿಮದ್ದು ಸಿಡಿದದ್ದು ಎಷ್ಟೋ ಕಾಲದ ಮೇಲೆ, ಬೀದರ್ ಮೊಘಲರ ಕೈಗೆ ಹೋದ ನಂತರ.

ಕ್ರಿಯಾಪದದಿಂದ ಶುರು ಮಾಡಿಸಿ. ಮೊದಲ ಪದದಿಂದ ಅನುವಾದ ಮಾಡುತ್ತಾ ಹೋಗುವುದು ಬೇಡ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಲಿ, ಉಪವಾಕ್ಯಗಳನ್ನು ಜೋಡಿಸುವ ಪದಗಳಿಗೆ ಸುತ್ತು ಹಾಕಲಿ. ನಿಮ್ಮ ವಾಕ್ಯದಲ್ಲಿ ಜೋಡಿಸುವ ಪದಗಳು ಮೂರು: ದಟ್, ಹೂ, ವೆನ್. ಹಾಗಾದರೆ ನಿಜವಾದ ಕ್ರಿಯಾಪದ ಅದಕ್ಕಿಂತ ಒಂದು ಜಾಸ್ತಿ, ಅಂದರೆ ನಾಲ್ಕು ಇರಬೇಕು. ಆದರೆ ಮಕ್ಕಳು ಐದು ಗೆರೆ ಎಳೆಯುತ್ತಾರೆ: ಹ್ಯಾಡ್ ಕಮ್, ಬಿಲ್ಟ್, ವಾಸ್ ಡ್ಯಾಮೇಜ್ಡ್, ಸ್ಟೋರ್ಡ್, ಎಕ್ಸ್‌ಪ್ಲೋಡೆಡ್. ಲೆಕ್ಕ ತಪ್ಪಿತು ಅಲ್ವಾ? ಎಲ್ಲೋ ಒಂದು ಮೋಸ ಇದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಆ ಮೋಸ ‘ಸ್ಟೋರ್ಡ್’ನದು. ಇಂಗ್ಲಿಷಿನಲ್ಲಿ ‘ಇಟ್ಟರು’ ಅನ್ನುವುದಕ್ಕೂ ‘ಇಟ್ಟಿದ್ದ’ ಅನ್ನುವುದಕ್ಕೂ ಇಲ್ಲಿ ಒಂದೇ ರೂಪ. ಪರೀಕ್ಷೆ ಮಾಡುವುದು ಸುಲಭ. ಅದರ ಜಾಗದಲ್ಲಿ ಎರಡು ರೂಪ ಬೇರೆಬೇರೆ ಇರುವ ಕ್ರಿಯಾಪದ ಹಾಕಿ ನೋಡಿ. ‘ಗನ್‌ಪೌಡರ್ ಹಿಡನ್ ಇನ್‌ಸೈಡ್ ಎಕ್ಸ್‌ಪ್ಲೋಡೆಡ್’ ಸರಿಹೋಗುತ್ತದೆ, ‘ಹಿಡ್’ ಹಾಕಿದರೆ ಕೆಟ್ಟುಹೋಗುತ್ತದೆ. ಅಂದರೆ ‘ಸ್ಟೋರ್ಡ್’ ಗನ್‌ಪೌಡರ್‌ಗೆ ಅಂಟಿಕೊಂಡ ವಿಶೇಷಣ. ಅದಕ್ಕಿಂತ ಮೊದಲು ‘ವಿಚ್ ವಾಸ್’ ಅಡಗಿದೆ. ಆ ಎರಡು ಪದ ಬಾಯಿಬಿಟ್ಟು ಹೇಳಿಸಿದರೆ ಐದು ಕ್ರಿಯಾಪದಕ್ಕೆ ನಾಲ್ಕು ಜೋಡಿಸುವ ಪದ ಆಗಿ ಲೆಕ್ಕವೂ ಕೂಡುತ್ತದೆ.

ಈಗ ಪ್ರತಿ ಕ್ರಿಯಾಪದಕ್ಕೂ ಅದರ ಕರ್ತೃ ಹುಡುಕಬೇಕು. ಗಣಿತದ ಬ್ರಾಕೆಟ್ ಹಾಗೆ, ಕೊನೆಗೆ ತೆರೆದದ್ದು ಮೊದಲು ಮುಚ್ಚುತ್ತದೆ. ‘ಹೂ’ದಿಂದ ತೆರೆದದ್ದು ‘ಪರ್ಷಿಯಾ’ ಆದ ಮೇಲಿನ ಅಲ್ಪವಿರಾಮಕ್ಕೆ ಮುಗಿಯಿತು. ಬಂದದ್ದು ಗವಾನ್. ‘ಬಿಲ್ಟ್’ ಕೂಡ ಗವಾನ್‌ದೇ, ಅಲ್ಲಿಗೆ ‘ದಟ್’ ಮುಚ್ಚಿತು. ಇನ್ನು ಕಾಯುತ್ತಾ ಉಳಿದ ಕರ್ತೃ ವಾಕ್ಯದ ಶುರುವಿನ ಮದರಸಾ. ಹಾಗಾಗಿ ಹಾನಿಯಾದದ್ದು ಮದರಸಾಕ್ಕೆ. ‘ವೆನ್’ ಆದ ಮೇಲೆ ಸಿಡಿದದ್ದು ಗನ್‌ಪೌಡರ್.

ಇಷ್ಟಾದ ಮೇಲೆ ಕನ್ನಡ. ಜಾಣ ಮಕ್ಕಳು ಎಲ್ಲವನ್ನೂ ಒಂದೇ ವಾಕ್ಯಕ್ಕೆ ತುರುಕುತ್ತಾರೆ: ‘ಪರ್ಷಿಯಾದಿಂದ ಬೀದರಿಗೆ ಬಂದಿದ್ದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಒಳಗೆ ಇಟ್ಟಿದ್ದ ಸಿಡಿಮದ್ದು ಸಿಡಿದಾಗ ತುಂಬಾ ಹಾಳಾಯಿತು.’ ವ್ಯಾಕರಣ ತಪ್ಪಿಲ್ಲ. ಆದರೆ ‘ಮದರಸಾ’ ಮುಂದಿನ ‘ಒಳಗೆ’ಗೆ ಅಂಟಿಕೊಂಡಿತು. ಓದುವವರಿಗೆ ಹಾಳಾದದ್ದು ಸಿಡಿಮದ್ದೋ ಕಟ್ಟಡವೋ ಅನ್ನಿಸಿಬಿಡುತ್ತದೆ.

ಒಡೆಯಬೇಕು, ನಿಜ. ಆದರೆ ಸುಮ್ನೆ ಒಡೆದರೂ ಕಷ್ಟ. ‘ಗವಾನ್ ಮದರಸಾ ಕಟ್ಟಿಸಿದರು. ಒಳಗೆ ಸಿಡಿಮದ್ದು ಇಟ್ಟಿದ್ದರು’ ಅಂದರೆ ನಿಮ್ಮ ಮಕ್ಕಳ ತಪ್ಪೇ ವಾಪಸ್ ಬಂತು. ಕನ್ನಡದಲ್ಲಿ ಕರ್ತೃ ಹೇಳದಿದ್ದರೆ ಹಿಂದಿನ ವಾಕ್ಯದ ಕರ್ತೃವೇ ಮುಂದುವರಿಯುತ್ತದೆ. ಯಾರು ಇಟ್ಟರು ಅಂತ ಇಂಗ್ಲಿಷ್ ವಾಕ್ಯ ಹೇಳಿಲ್ಲ, ನಾವೂ ಹೇಳಬಾರದು. ನಾನಾದರೆ ಹೀಗೆ ಬರೆಸುತ್ತೇನೆ: ‘ಮಹಮೂದ್ ಗವಾನ್ ಪರ್ಷಿಯಾದಿಂದ ಬೀದರಿಗೆ ಬಂದವರು. ಅವರು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಸಿಡಿಮದ್ದಿನ ದಾಸ್ತಾನು ಇತ್ತು. ಅದು ಸಿಡಿದು ಕಟ್ಟಡಕ್ಕೆ ಭಾರಿ ಹಾನಿಯಾಯಿತು.’ ಮೊಘಲರ ವಿಷಯ ಬೋರ್ಡಿನ ಮುಂದೆ ಹೇಳಿ, ಅನುವಾದದೊಳಗೆ ಸೇರಿಸಬೇಡಿ.

ನೋಡಿ, ‘ಹೂ’ ಉಪವಾಕ್ಯವನ್ನು ಬೇರೆ ವಾಕ್ಯ ಮಾಡಿದೆ, ‘ದಟ್’ ಉಪವಾಕ್ಯವನ್ನು ‘ಕಟ್ಟಿಸಿದ’ ಅಂತ ನಾಮಪದದ ಹಿಂದೆಯೇ ಉಳಿಸಿದೆ. ಅಲ್ಪವಿರಾಮಗಳ ನಡುವೆ ಇರುವುದು ಹೆಚ್ಚುವರಿ ಮಾಹಿತಿ, ಅದನ್ನು ಕಿತ್ತು ಬೇರೆ ಇಟ್ಟರೂ ನಡೆಯುತ್ತದೆ. ಅಲ್ಪವಿರಾಮ ಇಲ್ಲದ್ದು ‘ಯಾವ ಮದರಸಾ’ ಅಂತ ಗುರುತಿಸುತ್ತದೆ, ಅದನ್ನು ಕೀಳಬಾರದು. ‘ಸ್ಟೂಡೆಂಟ್ಸ್ ಹೂ ಹ್ಯಾವ್ ನಾಟ್ ಪೇಡ್ ದ ಫೀ ವಿಲ್ ನಾಟ್ ಗೆಟ್ ಹಾಲ್ ಟಿಕೆಟ್ಸ್’ ಅನ್ನುವುದನ್ನು ‘ವಿದ್ಯಾರ್ಥಿಗಳಿಗೆ ಹಾಲ್ ಟಿಕೆಟ್ ಸಿಗುವುದಿಲ್ಲ. ಅವರು ಫೀ ಕಟ್ಟಿಲ್ಲ’ ಅಂತ ಒಡೆದರೆ ಫೀ ಕಟ್ಟಿದವರೂ ಗಾಬರಿಯಾಗುತ್ತಾರೆ. ಇಲ್ಲಿ ‘ಫೀ ಕಟ್ಟದ ವಿದ್ಯಾರ್ಥಿಗಳಿಗೆ’ ಅಂತ ಒಟ್ಟಿಗೇ ಇರಬೇಕು. ಮುಂದಿನ ಪಾಠಕ್ಕೆ ಇದೇ ವಾಕ್ಯ ಕೊಡಿ. ಆಮೇಲೆ ‘ಸ್ಟೂಡೆಂಟ್ಸ್’ ಆದ ಮೇಲೊಂದು, ‘ಫೀ’ ಆದ ಮೇಲೊಂದು ಅಲ್ಪವಿರಾಮ ಹಾಕಿ, ಈಗ ಯಾರಿಗೆಲ್ಲ ಹಾಲ್ ಟಿಕೆಟ್ ಸಿಗುವುದಿಲ್ಲ ಅಂತ ಕೇಳಿ.