ಅಳು ತಡೆದುಕೊಂಡ ತಾಯಿ

"ಯಾದಗಿರಿ ರೈಲು ನಿಲ್ದಾಣದಲ್ಲಿ ತಾಯಿ ಮಗನನ್ನು ಬೀಳ್ಕೊಡುವ ಅನಿಮೇಷನ್ ಮಾಡುತ್ತಿದ್ದೇನೆ. ಭುಜ ಅಲುಗಿಸಿ ಕಣ್ಣೀರು ಹರಿಸಿದರೂ ನಾಟಕದಂತೆ ಕಾಣುತ್ತಿದೆ. ಏನು ಮಾಡಲಿ?"

ಭುಜದ ಅಲುಗಾಟವನ್ನು ಪೂರ್ತಿ ತೆಗೆದುಬಿಡಿ. ಮಗ ನೋಡುತ್ತಿರುವಾಗ ಆ ತಾಯಿ ಅಳುವನ್ನು ತಡೆಯುತ್ತಾಳೆ. ನೀವು ಚಿತ್ರಿಸಬೇಕಾದದ್ದು ಆ ತಡೆಯನ್ನು.

ಸೆಕೆಂಡಿಗೆ 24 ಫ್ರೇಮ್ ಎಂದಿಟ್ಟುಕೊಳ್ಳೋಣ. ರೈಲು ಕದಲಿದ ಮೇಲೆ ಅವಳನ್ನು ಸುಮಾರು 48 ಫ್ರೇಮ್ ಒಂದೇ ಭಂಗಿಯಲ್ಲಿ ನಿಲ್ಲಿಸಿ. ಕಿಟಕಿಯ ಸರಳು ಬಿಟ್ಟ ಕೈ ಇನ್ನೂ ಅರ್ಧ ಎತ್ತಿಯೇ ಇರಲಿ. ಆದರೆ ಏನೂ ಚಲಿಸದಿದ್ದರೆ ಅವಳು ಗೊಂಬೆಯಾಗುತ್ತಾಳೆ. ಅದಕ್ಕೆ ಎದೆ ಉಸಿರಿಗೆ ತುಸುವೇ ಏರಲಿ, 20ನೇ ಫ್ರೇಮಿನ ಹೊತ್ತಿಗೆ ಉಸಿರು ಅಲ್ಲೇ ನಿಲ್ಲಲಿ. ಆಮೇಲೆ ಗಂಟಲು ಒಮ್ಮೆ ನುಂಗಲಿ, ಕೆಳರೆಪ್ಪೆ ಬಿಗಿಯಲಿ. ಇವೆಲ್ಲ ಒಂದೇ ಫ್ರೇಮಿನಲ್ಲಿ ಶುರುವಾದರೆ ಯಂತ್ರದಂತೆ ಕಾಣುತ್ತದೆ. ನಾಲ್ಕೈದು ಫ್ರೇಮ್ ಹಿಂದುಮುಂದಾಗಿರಲಿ. ರೈಲಿನತ್ತ ತಿರುಗುವಾಗಲೂ ಕಣ್ಣು ಮೊದಲು, ತಲೆ ಆಮೇಲೆ.

ನಮ್ಮ ಕಡೆಯ ತಾಯಂದಿರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುವುದನ್ನು ನೋಡಿದ್ದೀರಲ್ಲ? ಆ ಕೈ ಅರ್ಧ ದಾರಿಯಲ್ಲಿ ನಿಂತುಬಿಡಲಿ. ಕಣ್ಣೀರಿನ ಹನಿ ಒಂದೇ ಸಾಕು, ಮಗನ ಬೋಗಿ ಮರೆಯಾದ ಮೇಲೆ ರೆಪ್ಪೆ ಮುಚ್ಚಿದಾಗ ಉರುಳಲಿ.

ಪರೀಕ್ಷಿಸಲು ಮುಖವನ್ನು ಮರೆಮಾಡಿ, ಸದ್ದಿಲ್ಲದೆ ಓಡಿಸಿ. ಕೈ ಮತ್ತು ಎದೆಯಿಂದಲೇ ಬೀಳ್ಕೊಡುಗೆ ತಿಳಿಯದಿದ್ದರೆ ಭಂಗಿಯನ್ನೇ ತಿದ್ದಿ, ಹೊಸ ಚಲನೆ ಸೇರಿಸಬೇಡಿ.