ಅದೇ ಲೋಟ, ಅದೇ ಡಿಕಾಕ್ಷನ್, ಚುರುಕು ಮಾತ್ರ ಇಲ್ಲ

ವಸುಧಾ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು ಕಾಫಿ ವಿಚಾರಕ್ಕಲ್ಲ. ಸಿಟ್ಟಿನ ವಿಚಾರಕ್ಕೆ. (ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ವಯಸ್ಸು 41, ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು.

"ಮೇಡಂ, ಸಾಯಂಕಾಲ ಆದ್ರೆ ಮಕ್ಕಳ ಮೇಲೆ ರೇಗ್ತೀನಿ. ತಲೆ ಮಂಕಾಗಿರುತ್ತೆ. ಕೌಂಟರಿನಲ್ಲಿ ಒಂದೇ ಲೆಕ್ಕವನ್ನು ಮೂರು ಸಲ ನೋಡ್ತೀನಿ. ಡಿಪ್ರೆಶನ್ ಇರಬಹುದಾ?"

ಖಿನ್ನತೆ ಇದೆಯಾ ಎಂದು ವಿಚಾರಿಸುವ ಪ್ರಶ್ನೆಗಳನ್ನೆಲ್ಲ ಕೇಳಿದೆ. ಆ ಲಕ್ಷಣಗಳು ಹೊಂದಿಕೆಯಾಗಲಿಲ್ಲ. ಅವರಿಗೆ ಆಸೆಗಳಿದ್ದವು, ನಗು ಇತ್ತು, ಹಾಡು ಕೇಳುವ ಖುಷಿ ಇತ್ತು. ಇಲ್ಲದ್ದು ಚುರುಕು ಮಾತ್ರ. ಮಾತಿನ ನಡುವೆ ಅವರೇ ಹೇಳಿದರು: "ಮೊದಲು ಬೆಳಗ್ಗೆ ಒಂದು ಲೋಟ ಕುಡಿದ್ರೆ ಮಧ್ಯಾಹ್ನದ ತನಕ ಓಡ್ತಿತ್ತು. ಈಗ ಎರಡು ಕುಡಿದ್ರೂ ಏನೂ ಆಗಲ್ಲ. ಪುಡಿಯ ಅಂಗಡಿಯವರು ಮೋಸ ಮಾಡ್ತಿದ್ದಾರೆ ಅನ್ಸುತ್ತೆ."

ಒಂದು ವಾರ ಏನು ಕುಡಿದೆ, ಎಷ್ಟು ಗಂಟೆಗೆ ಕುಡಿದೆ, ತಲೆ ಯಾವಾಗ ನೋಯಿತು ಎಂದು ಬರೆದಿಡಲು ಹೇಳಿದೆ. ಅವರು ತಂದ ಪಟ್ಟಿ ಹೀಗಿತ್ತು. ಬೆಳಗ್ಗೆ ಐದೂಮುಕ್ಕಾಲಿಗೆ ಫಿಲ್ಟರ್ ಕಾಫಿ. ಎಂಟಕ್ಕೆ ತಿಂಡಿ ಜೊತೆ ಇನ್ನೊಂದು. ಆಫೀಸಿನಲ್ಲಿ ಹನ್ನೊಂದಕ್ಕೂ ಮೂರೂವರೆಗೂ ಮೆಶಿನ್ ಕಾಫಿ. ಸಂಜೆ ಆರೂಮುಕ್ಕಾಲಿಗೆ ಮನೆಯಲ್ಲಿ ಮತ್ತೆ ಫಿಲ್ಟರ್ ಕಾಫಿ. ಅವರ ಮನೆಯ ಪುಡಿಯಲ್ಲಿ ನೂರಕ್ಕೆ 80 ಕಾಫಿ, 20 ಚಿಕೋರಿ. ಗಟ್ಟಿ ಡಿಕಾಕ್ಷನ್ನಿನ ಒಂದು ಲೋಟಕ್ಕೆ ಸುಮಾರು 100 ಮಿಲಿಗ್ರಾಂ ಕೆಫೀನ್ ಎಂದುಕೊಂಡೆ. ಆಫೀಸಿನ ಮೆಶಿನ್ನಿನದು ಇನ್‌ಸ್ಟಂಟ್ ಕಾಫಿ, ಅದಕ್ಕೆ ಸುಮಾರು 60. ಒಟ್ಟು 420 ಆಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಎಂದಿದೆ.

ಆದರೆ ನನ್ನ ಕಣ್ಣಿಗೆ ಬಿದ್ದದ್ದು ಈ ಮೊತ್ತಕ್ಕಿಂತ ಜಾಸ್ತಿ ಇನ್ನೆರಡು ಸಾಲುಗಳು. ಒಂದು, "ಭಾನುವಾರ, ಒಂಬತ್ತಕ್ಕೆ ಎದ್ದೆ, ತಲೆನೋವು." ಇನ್ನೊಂದು, "ಏಕಾದಶಿ. ಸಂಜೆ ತಲೆ ಸಿಡಿತ, ವಾಕರಿಕೆ. ಪಿತ್ತ." ಅವರ ಮನೆಯಲ್ಲಿ ಏಕಾದಶಿ ಕಟ್ಟುನಿಟ್ಟು, ಕಾಫಿಯೂ ಇಲ್ಲ. ಈ ತಲೆನೋವು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದೆ.

"ದ್ವಾದಶಿ ಬೆಳಗ್ಗೆ ಪಾರಣೆ ಆಗಿ ಕಾಫಿ ಕುಡಿದ ಅರ್ಧ ಗಂಟೆಗೆ ಹೋಗಿಬಿಡುತ್ತೆ."

ಪಿತ್ತ ಆಗಿದ್ದರೆ ಕಾಫಿಗೆ ಹಾಗೆ ಹೋಗುತ್ತಿರಲಿಲ್ಲ. ಅದು ಕೆಫೀನ್ ಸಿಗದೆ ಬಂದ ತಲೆನೋವು. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸ್ವಲ್ಪ ಕಿರಿದು ಮಾಡುತ್ತದೆ. ಅದು ಇಲ್ಲವಾದಾಗ ನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕೊನೆಯ ಕಪ್ಪಿನ ನಂತರ 12ರಿಂದ 24 ಗಂಟೆಯೊಳಗೆ ಇದು ಶುರುವಾಗುತ್ತದೆ. ಭಾನುವಾರದ ನೋವಿಗೂ ಇದೇ ಲೆಕ್ಕ. ಶನಿವಾರ ಸಂಜೆ ಆರೂಮುಕ್ಕಾಲರಿಂದ ಭಾನುವಾರ ಒಂಬತ್ತಕ್ಕೆ 14 ಗಂಟೆ ದಾಟಿರುತ್ತದೆ. ಮಿಕ್ಕ ದಿನ ಐದೂಮುಕ್ಕಾಲಿಗೇ ಕುಡಿಯುವುದರಿಂದ ನೋವು ತಲೆ ಎತ್ತುವ ಮೊದಲೇ ಅಡಗುತ್ತಿತ್ತು.

ಲೋಟ ಯಾಕೆ ಕೆಲಸ ಮಾಡುವುದಿಲ್ಲ ಎಂದು ಅವರಿಗೆ ಬಸ್ಸಿನ ಸೀಟು ಹೇಳಿ ತಿಳಿಸಿದೆ. ನಾವು ಎಚ್ಚರ ಇರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದಕ್ಕೆಂದೇ ಇರುವ ಸೀಟುಗಳಲ್ಲಿ ಅದು ಕೂತರೆ ನಮಗೆ ಆಯಾಸ, ನಿದ್ದೆ. ಕೆಫೀನ್ ಮಾಡುವ ಕೆಲಸ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂಥದ್ದು. ಅಡೆನೊಸಿನ್ ಬಸ್ಸಿನೊಳಗೇ ಇರುತ್ತದೆ, ಕೂರಲು ಜಾಗ ಇರುವುದಿಲ್ಲ. ಹಾಗಾಗಿ ದಣಿವು ನಮಗೆ ಗೊತ್ತಾಗುವುದಿಲ್ಲ. ಕೆಫೀನ್ ಶಕ್ತಿ ಕೊಡುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತದೆ ಅಷ್ಟೆ.

ದಿನಾ ಹೀಗೇ ನಡೆದರೆ ಮೆದುಳು ಸುಮ್ನೆ ಕೂರುವುದಿಲ್ಲ, ಸೀಟುಗಳನ್ನು ಹೆಚ್ಚಿಸುತ್ತದೆ. ಇದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮೊದಲಿನಷ್ಟೇ ಟವೆಲ್ ಹಾಕಿದರೂ ಈಗ ಖಾಲಿ ಸೀಟು ಉಳಿಯುತ್ತವೆ. ಒಂದು ಲೋಟ ಎರಡಾಗುವುದು ಹೀಗೆ. ರಾತ್ರಿ ಕಳೆದು ಟವೆಲ್‌ಗಳೆಲ್ಲ ಜಾರಿದಾಗ ಹೆಚ್ಚಾದ ಸೀಟುಗಳೂ ತುಂಬುತ್ತವೆ. ಆಗ ಬೆಳಗಿನ ಮಂಕು ಕಾಫಿಯನ್ನೇ ಕುಡಿಯದವರಿಗಿಂತ ಜೋರಾಗಿರುತ್ತದೆ. ಮೊದಲ ಲೋಟ ಆ ಮಂಕನ್ನು ಕಳೆದು ಅವರನ್ನು ಬರೀ ಮಾಮೂಲಿ ಸ್ಥಿತಿಗೆ ತರುತ್ತದೆ. ಚುರುಕಿಗೆ ಏನೂ ಉಳಿಯುವುದಿಲ್ಲ.

"ಅಂದ್ರೆ ನಿನ್ನೆಯ ಕಾಫಿ ಮಾಡಿದ ಸಾಲವನ್ನು ಇವತ್ತಿನ ಕಾಫಿ ತೀರಿಸ್ತಿದೆ, ಅಲ್ವಾ?" ಎಂದರು. ಬ್ಯಾಂಕಿನವರಿಗೆ ಅದು ಬೇಗ ಹೊಳೆಯಿತು.

ಮುಂದಿನ ಭೇಟಿಗೆ ಬರುವ ಮೊದಲೇ ಅವರು ಒಂದು ಪ್ರಯತ್ನ ಮಾಡಿದ್ದರು. ಶುಕ್ರವಾರ ಸಂಜೆಯಿಂದ ಪೂರ್ತಿ ನಿಲ್ಲಿಸಿದರು. ಶನಿವಾರ ಹೇಗೋ ಕಳೆಯಿತು. ಭಾನುವಾರ ತಡೆಯಲಾಗದೆ ಮೆಡಿಕಲ್ ಶಾಪಿನ ತಲೆನೋವಿನ ಮಾತ್ರೆ ನುಂಗಿದರು. ಅರ್ಧ ಗಂಟೆಗೆ ಆರಾಮ. ಸೋಮವಾರ ಮತ್ತೆ ನೋವು, ಮತ್ತೆ ಮಾತ್ರೆ. "ಕಾಫಿ ಬಿಟ್ಟಾಯ್ತು, ತಲೆನೋವು ಮಾತ್ರ ಹೋಗ್ತಿಲ್ಲ" ಎಂದು ಬಂದರು. ಮಾತ್ರೆಯ ಪಟ್ಟಿ ತೋರಿಸಿ ಎಂದೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಕೆಫೀನ್ ಎಂದಿತ್ತು. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಅದನ್ನು ಸೇರಿಸಿರುತ್ತಾರೆ. ಕಾಫಿ ಬಿಡುವವರು ಮಾತ್ರೆ ತಗೊಳ್ಳಲೇಬೇಕಾದರೆ ಬರೀ ಪ್ಯಾರಸಿಟಮಾಲ್ ಇರುವುದನ್ನು ಕೇಳಿ ತಗೊಳ್ಳಬೇಕು, ಹಿಂಬದಿ ಓದಬೇಕು.

ಒಮ್ಮೆಗೇ ನಿಲ್ಲಿಸುವುದು ತಪ್ಪೇನಲ್ಲ. ಮೊದಲ ಎರಡು ದಿನ ನೋವು ಜೋರಾಗಿರುತ್ತದೆ, ಹೆಚ್ಚೆಂದರೆ ಒಂಬತ್ತು ದಿನದಲ್ಲಿ ಎಲ್ಲ ಅಡಗುತ್ತದೆ. ಆದರೆ ಸಿಟ್ಟು, ಮಂಕು, ಗಮನ ನಿಲ್ಲದಿರುವುದು ಕೂಡ ಇದೇ ದಿನಗಳ ಲಕ್ಷಣಗಳು. ವಸುಧಾ ಬಂದದ್ದೇ ಸಿಟ್ಟಿನ ಕಾರಣಕ್ಕೆ. ಮಕ್ಕಳಿರುವ ಮನೆ, ಹಣ ಎಣಿಸುವ ಕೆಲಸ. ಅವರಿಗೆ ನಿಧಾನದ ದಾರಿಯೇ ಸರಿ ಎನಿಸಿತು. ಮಾರ್ಚ್ ಬೇಡ, ವರ್ಷದ ಲೆಕ್ಕ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಶುರು ಮಾಡೋಣ ಎಂದೆ.

ಮೊದಲ ವಾರ ಸಂಜೆಯ ಲೋಟ ಮಾತ್ರ ಬಿಡುವುದು. ಕೊನೆಯದನ್ನು ಮೊದಲು ಬಿಡಲು ಕಾರಣ ನಿದ್ದೆ. "ಕಾಫಿ ಕುಡಿದೂ ಹತ್ತೂವರೆಗೆ ನಿದ್ದೆ ಬರುತ್ತೆ ಮೇಡಂ, ನನಗೇನೂ ಆಗಲ್ಲ" ಎಂದು ಅವರು ವಾದಿಸಿದರು. ನಿದ್ದೆ ಬರುತ್ತದೆ, ನಿಜ. ಆದರೆ ಕುಡಿದ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಆರೂಮುಕ್ಕಾಲರ 100ರಲ್ಲಿ 50 ರಾತ್ರಿ ಹನ್ನೆರಡರ ಹೊತ್ತಿಗೂ ಇರುತ್ತದೆ. ಗಾಢ ನಿದ್ದೆ ಅದರಿಂದ ಕಡಿಮೆಯಾಗುತ್ತದೆ. ಬೆಳಗ್ಗೆ ಇನ್ನಷ್ಟು ದಣಿವು, ಇನ್ನಷ್ಟು ಕಾಫಿ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಈ ಐದು ಗಂಟೆ ಸುಮಾರು ಎರಡರಷ್ಟಾಗುತ್ತದೆ. ಗರ್ಭಿಣಿಯರಲ್ಲಿ ಅದಕ್ಕೂ ಜಾಸ್ತಿ ಆಗಬಹುದು. ಹಾಗಾಗಿ ಆ ಮಾತ್ರೆ ತಗೊಳ್ತೀರಾ, ಗರ್ಭಿಣಿಯಾ ಎಂದು ನಾನು ಎಲ್ಲ ಹೆಣ್ಣುಮಕ್ಕಳನ್ನೂ ಕೇಳುತ್ತೇನೆ.

ಆದರೆ ಬಿಡಲು ಕಷ್ಟವಾದ ಲೋಟವೂ ಅದೇ. ಕೇಳುತ್ತಾ ಹೋದಾಗ ಗೊತ್ತಾಯಿತು, ಇಡೀ ದಿನದಲ್ಲಿ ಅವರು ಕಾಲು ಚಾಚಿ ಕೂರುವುದು ಆ ಹತ್ತು ನಿಮಿಷ ಮಾತ್ರ. ಅತ್ತೆ ತಾವೇ ಕಾಫಿ ಬೆರೆಸಿ, ಲೋಟ ಕೈಗಿಟ್ಟು, ಎದುರಿಗೆ ಕೂರುತ್ತಾರೆ. "ಬೇಡ ಅಂದ್ರೆ ಅವರನ್ನೇ ಬೇಡ ಅಂದ ಹಾಗಾಗುತ್ತೆ" ಎನ್ನುವಾಗ ವಸುಧಾ ಅವರ ಕಣ್ಣು ತುಂಬಿತ್ತು. ಲೋಟ ಬೇಡ ಅನ್ನಬೇಡಿ, ಒಳಗಿರುವುದನ್ನು ಬದಲಿಸಿ ಎಂದೆ. ಹತ್ತು ನಿಮಿಷ ಹಾಗೇ ಇರಲಿ. ಅತ್ತೆಗೆ ವಿಷಯ ತಿಳಿಸಿದಾಗ ಅವರೇ ಜೀರಿಗೆ, ಕೊತ್ತಂಬರಿ ಬೀಜ ಹುರಿದು ಕಷಾಯದ ಪುಡಿ ಮಾಡಿದರು. ಹಾಲು, ಬೆಲ್ಲ ಹಾಕಿ ಅದೇ ಲೋಟದಲ್ಲಿ ಕೊಟ್ಟರು. ಚಹಾ ಮಾತ್ರ ಬದಲಿ ಅಲ್ಲ. ಒಂದು ಕಪ್ಪಿನಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ.

ಎರಡನೇ ವಾರ ಮೂರೂವರೆಯ ಮೆಶಿನ್ ಕಾಫಿ ಹೋಯಿತು. ಮೂರನೇ ವಾರ ಪುಡಿ ಬದಲಾಯಿತು. ನಮ್ಮ ಕಡೆ ಇದಕ್ಕೊಂದು ಒಳ್ಳೆಯ ಅನುಕೂಲ ಇದೆ. ಅಂಗಡಿಯಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿ, ಕೇಳಿದಷ್ಟು ಚಿಕೋರಿ ಬೆರೆಸುತ್ತಾರೆ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. 80ಕ್ಕೆ 20ರ ಬದಲು 60ಕ್ಕೆ 40 ಹಾಕಿಸಿದರೆ ಅದೇ ಬಣ್ಣ, ಅದೇ ಗಟ್ಟಿತನ, ಕೆಫೀನ್ ಮಾತ್ರ ಕಾಲು ಭಾಗ ಕಡಿಮೆ. ಬೀಜವೂ ಮುಖ್ಯ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ವಸುಧಾ ಅವರ ಪುಡಿಯಲ್ಲಿ ಎರಡೂ ಅರ್ಧರ್ಧ ಇತ್ತು. ಅದನ್ನು ಹಾಗೇ ಬಿಟ್ಟೆವು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ತಲೆನೋವು ಬಂತು ಎಂದು ಗೊತ್ತಾಗುತ್ತದೆ.

ನಾಲ್ಕನೇ ವಾರ ತಿಂಡಿಯ ಜೊತೆಗಿನ ಲೋಟ ನಿಂತಿತು. ಇದಕ್ಕೆ ಬೇರೆ ಕಾರಣವೂ ಇತ್ತು. ಇಷ್ಟು ದಣಿವಿಗೆ ಕಾಫಿಯೊಂದೇ ಕಾರಣ ಎಂದು ನನಗೆ ನಂಬಿಕೆ ಬಂದಿರಲಿಲ್ಲ. ನಾನು ಆಪ್ತಸಲಹೆಗಾರ್ತಿ, ವೈದ್ಯೆ ಅಲ್ಲ. ಹಾಗಾಗಿ ಮೊದಲೇ ಡಾಕ್ಟರ ಹತ್ತಿರ ಕಳಿಸಿದ್ದೆ. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ 10.2 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಊಟ ತಿಂಡಿಯ ಜೊತೆ ಕುಡಿಯುವ ಕಾಫಿ, ಚಹಾ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತವೆ. ಅದಕ್ಕೇ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕುಡಿಯಬೇಡಿ ಎನ್ನುವುದು. ರಕ್ತಹೀನತೆಯ ದಣಿವನ್ನು ಅವರು ಕಾಫಿಯಿಂದ ಮುಚ್ಚುತ್ತಿದ್ದರು, ಆ ಕಾಫಿ ರಕ್ತಹೀನತೆಯನ್ನು ಉಳಿಸುತ್ತಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ಮದ್ದು ತಗೊಳ್ಳುವವರಿಗೆ ಇನ್ನೊಂದು ಮಾತು. ಮನೋವೈದ್ಯರು ಕೊಟ್ಟ ಲಿಥಿಯಂ ನುಂಗುತ್ತಿದ್ದರೆ ಕಾಫಿಯನ್ನು ಹಠಾತ್ತಾಗಿ ನಿಲ್ಲಿಸಬೇಡಿ. ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಬಹುದು. ಮೊದಲು ಅವರನ್ನು ಕೇಳಿ.

ದಾರಿ ನೇರವಾಗಿ ಸಾಗಲಿಲ್ಲ. ಐದನೇ ವಾರ ಅಣ್ಣನ ಮಗಳ ಮದುವೆ. ಎರಡು ದಿನ ಕರೆದವರ ಜೊತೆಯೆಲ್ಲ ಕಾಫಿ. ಮೂರನೇ ದಿನ ಮಧ್ಯಾಹ್ನ ಕಣ್ಣ ಹಿಂದೆ ಸಣ್ಣ ನೋವು. "ಎಲ್ಲ ಹಾಳಾಯ್ತು" ಎಂದು ಫೋನ್ ಮಾಡಿದರು. ಹಾಳಾಗಿರಲಿಲ್ಲ. ಮಾರನೇ ದಿನ ಹೊಸ ಅಳತೆಗೇ ವಾಪಸ್ ಬಂದರು, ನೋವು ಎರಡೇ ದಿನಕ್ಕೆ ಹೋಯಿತು. ಆದರೆ ಒಗ್ಗಿಕೊಳ್ಳಲು ಕೆಲವೇ ದಿನ ಸಾಕು ಎಂಬುದು ಅವರಿಗೆ ಮನದಟ್ಟಾಯಿತು. ಒಮ್ಮೆ ಸರಿ ಮಾಡಿಕೊಂಡು ಮತ್ತೆ ಐದು ಲೋಟಕ್ಕೆ ಹೋದರೆ ಅದೇ ಕತೆ.

ಏಳನೇ ವಾರ ಅವರು ಕುಡಿಯುತ್ತಿದ್ದದ್ದು ಬೆಳಗ್ಗೆ ಒಂದು ಲೋಟ, ಹನ್ನೊಂದಕ್ಕೆ ಒಂದು ಮೆಶಿನ್ ಕಾಫಿ. ಒಟ್ಟು 135ರ ಆಸುಪಾಸು. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಎರಡು ಗುರುತು ಹೇಳಿದ್ದೆ. ಭಾನುವಾರ ತಡವಾಗಿ ಎದ್ದರೂ ತಲೆ ಹಗುರ ಇರಬೇಕು. ಬೆಳಗಿನ ಲೋಟ ಕುಡಿದ ಮುಕ್ಕಾಲು ಗಂಟೆಯೊಳಗೆ ಚುರುಕು ಕಾಣಬೇಕು. ಎರಡೂ ಬಂದವು. ಸಂಜೆಯ ರೇಗಾಟ ಪೂರ್ತಿ ಹೋಗಿಲ್ಲ, ಅದಕ್ಕೆ ಮನೆಗೆಲಸದ ಹಂಚಿಕೆಯ ಮಾತು ಬೇಕಿತ್ತು. ಆ ಮಾತಿಗೆ ಮುಂದಿನ ವಾರ ಗಂಡನನ್ನೂ ಕರೆದುಕೊಂಡು ಬಂದರು.

ಆಮೇಲಿನ ಏಕಾದಶಿಯ ರಾತ್ರಿ ನನ್ನ ಫೋನಿಗೆ ಒಂದು ಸಾಲು ಬಂತು. "ಮೇಡಂ, ಎಂಟು ಗಂಟೆ ಆಯ್ತು. ಹಸಿವು ಇದೆ, ತಲೆನೋವಿಲ್ಲ. ಅತ್ತೆ ಪಿತ್ತ ಎಲ್ಲಿ ಹೋಯ್ತು ಅಂತ ಕೇಳ್ತಿದ್ದಾರೆ."