ಟೇಕ್‌ಹೋಮ್ ಅಸೈನ್‌ಮೆಂಟ್‌ಗೆ ಇನ್ನೆರಡು ದಿನ ಕೇಳಬಹುದಾ?

"ಅಕ್ಕಾ, ಬರ್ಲಿನ್‌ಗೆ ಬಂದು ಎಂಟು ತಿಂಗಳಾಯ್ತು. ಬೇರೊಂದು ಕಂಪನಿಯವರು ಇಂಟರ್‌ವ್ಯೂ ಭಾಗವಾಗಿ ಇವತ್ತು, ಗುರುವಾರ, ಟೇಕ್‌ಹೋಮ್ ಅಸೈನ್‌ಮೆಂಟ್ ಕಳಿಸಿದ್ದಾರೆ, ಆರು ಗಂಟೆ ಕೆಲಸ ಅಂತಾರೆ. ಮುಂದಿನ ಬುಧವಾರ ಸಂಜೆ ಆರಕ್ಕೆ ಕೊಡ್ಬೇಕು. ಶನಿವಾರ-ಭಾನುವಾರ ನಂಗೆ ಆನ್‌ಕಾಲ್, ಸೋಮವಾರ-ಮಂಗಳವಾರ ಈಗಿನ ಆಫೀಸಲ್ಲಿ ರಿಲೀಸ್. ಟೈಮ್ ಕೇಳಿದ್ರೆ ತಪ್ಪು ತಿಳ್ಕೋತಾರಾ? ಹೇಗೆ ಕೇಳ್ಬೇಕು?"

ತಪ್ಪೇನೂ ತಿಳಿಯಲ್ಲ, ಆದರೆ ನಾಳೆ ಬೆಳಗ್ಗೆಯೇ ಕೇಳಿ. ಮಂಗಳವಾರ ರಾತ್ರಿ ಕೇಳಿದರೆ ಖಂಡಿತ ತಪ್ಪು ತಿಳೀತಾರೆ. ಎರಡೂ ಸಲ ನೀವು ಕೇಳೋದು ಅದೇ ಎರಡು ದಿನವೇ, ವ್ಯತ್ಯಾಸ ಇರೋದು ಆ ಕಡೆಯವರ ಕ್ಯಾಲೆಂಡರ್‌ನಲ್ಲಿ. ನಿಮ್ಮ ಅಸೈನ್‌ಮೆಂಟ್ ಓದಲಿಕ್ಕೆ ಅಲ್ಲಿ ಒಬ್ಬಿಬ್ಬರು ಎಂಜಿನಿಯರ್‌ಗಳು ತಮ್ಮ ಕೆಲಸದ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡಿರುತ್ತಾರೆ. ಬುಧವಾರ ಸಂಜೆ ಗಡುವು ಅಂದರೆ ಆ ಒಂದು ಗಂಟೆ ಬಹುಪಾಲು ಗುರುವಾರದ್ದೋ ಶುಕ್ರವಾರದ್ದೋ ಆಗಿರುತ್ತೆ. ಐದು ದಿನ ಮುಂಚೆ ಗೊತ್ತಾದರೆ ಅದನ್ನು ಆಚೀಚೆ ಮಾಡೋದು ಅವರಿಗೆ ಏನೂ ಅಲ್ಲ. ಹಿಂದಿನ ರಾತ್ರಿ ಗೊತ್ತಾದರೆ ಆ ಗಂಟೆ ಹಾಳಾಯ್ತು ಅಂತಲೇ ಲೆಕ್ಕ. ರಿಲೀಸ್ ದಿನಾಂಕ ನಿಮಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಅನ್ನೋ ಪ್ರಶ್ನೆಯೂ ಹಿಂದೆಯೇ ಬರುತ್ತೆ.

ಕೇಳುವ ಮೊದಲು ಒಂದು ಕಾಗದದ ಮೇಲೆ ಗಂಟೆಗಳನ್ನು ಎಣಿಸಿಕೊಳ್ಳಿ. ಅವರು ಆರು ಗಂಟೆ ಅಂದರೆ ಎಂಟು ಅಂತ ಇಟ್ಟುಕೊಳ್ಳಿ. ಸೆಟಪ್, ಟೆಸ್ಟ್, README ಬರೆಯೋದು ಇವನ್ನೆಲ್ಲ ಸಾಮಾನ್ಯವಾಗಿ ಆ ಆರರಲ್ಲಿ ಸೇರಿಸಿರಲ್ಲ. ಇವತ್ತು ಸಂಜೆ ಎರಡು ಗಂಟೆ, ನಾಳೆ ಸಂಜೆ ಎರಡು, ಅಲ್ಲಿಗೆ ನಾಲ್ಕು. ಆನ್‌ಕಾಲ್ ಇರುವ ಶನಿವಾರ-ಭಾನುವಾರ ಸೊನ್ನೆ ಅಂತಲೇ ಹಿಡಿಯಿರಿ. ಪೇಜರ್ ಸುಮ್ಮನಿದ್ದರೆ ಅದು ಲಾಭ. ಸೋಮವಾರ-ಮಂಗಳವಾರವೂ ಸೊನ್ನೆ. ಬುಧವಾರ ಸಂಜೆ ಮೂರು, ಗುರುವಾರ ಸಂಜೆ ಮೂರು ಸೇರಿದರೆ ಒಟ್ಟು ಹತ್ತು. ಅಂದರೆ ಗುರುವಾರ ರಾತ್ರಿಗೆ ಮುಗಿಯುತ್ತೆ, ಎರಡು ಗಂಟೆ ಕೈಯಲ್ಲಿ ಉಳಿಯುತ್ತೆ. ಹಾಗಾಗಿ ನೀವು ಕೇಳಬೇಕಾದದ್ದು ಶುಕ್ರವಾರ ಬೆಳಗ್ಗೆ 9 ಗಂಟೆ. ಗುರುವಾರ ರಾತ್ರಿ 11:59 ಅಂತ ಕೇಳಬೇಡಿ. ಆ ಹೊತ್ತಿನಲ್ಲಿ ಯಾರೂ ಅದನ್ನು ತೆರೆದು ನೋಡಲ್ಲ, ಅವರಿಗೆ ಎರಡೂ ಒಂದೇ. ನಿಮಗೆ ಮಾತ್ರ ಬೆಳಗ್ಗೆ ಎದ್ದು ಕಣ್ಣಾಡಿಸಲಿಕ್ಕೆ ಒಂದು ಗಂಟೆ ಸಿಗುತ್ತೆ.

ಇದೇ ಲೆಕ್ಕದಲ್ಲಿ, ಗಡುವು ಶುಕ್ರವಾರ ಸಂಜೆಗೆ ಇದ್ದಿದ್ದರೆ ಸೋಮವಾರ ಬೆಳಗ್ಗೆ 9 ಅಂತ ಕೇಳಬಹುದಿತ್ತು. ನಿಮಗೆ ಎರಡೂವರೆ ದಿನ ಸಿಗುತ್ತಿತ್ತು, ಅವರ ಕಡೆ ಒಂದು ಕೆಲಸದ ದಿನವೂ ಹೋಗುತ್ತಿರಲಿಲ್ಲ. ಇಂಥ ಕೋರಿಕೆಗೆ ಬೇಡ ಅನ್ನುವವರು ಕಡಿಮೆ. ಆದರೆ ವಾರಾಂತ್ಯದಲ್ಲಿ ಕೂತು ಮಾಡ್ತೀನಿ ಅಂತ ಬರೆಯಬೇಡಿ. ಜರ್ಮನಿಯಲ್ಲಿ ಅದು ಶ್ರದ್ಧೆಯಾಗಿ ಕಾಣೋದಕ್ಕಿಂತ ಹೆಚ್ಚಾಗಿ ಮುಜುಗರ ತರುತ್ತೆ.

ರಜೆಯನ್ನೂ ನೋಡಿಕೊಳ್ಳಿ, ನಿಮ್ಮ ಊರಿನದಲ್ಲ, ಅವರ ಊರಿನದು. ಇಲ್ಲಿ ಸಾರ್ವಜನಿಕ ರಜೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ರೋನ್‌ಲೈಷ್ನಾಮ್ ಅನ್ನೋ ಕ್ರೈಸ್ತ ಹಬ್ಬ ಪ್ರತಿ ವರ್ಷ ಗುರುವಾರವೇ ಬರುತ್ತೆ. ಬವೇರಿಯಾದಲ್ಲಿ ಅವತ್ತು ರಜೆ, ಬರ್ಲಿನ್‌ನಲ್ಲಿ ಇಲ್ಲ. ಕಂಪನಿ ಮ್ಯೂನಿಕ್‌ನದ್ದಾಗಿದ್ದು ಆ ವಾರವೇ ನಿಮ್ಮ ಗಡುವು ಬಿದ್ದಿದ್ದರೆ, ಬಹಳ ಜನ ಶುಕ್ರವಾರವನ್ನೂ ಸೇತುವೆ ದಿನ ಅಂತ ರಜೆ ಹಾಕಿ ಸೋಮವಾರವೇ ಬರುತ್ತಾರೆ. ಆಗ ಸೋಮವಾರ ಬೆಳಗ್ಗೆಯನ್ನೇ ಕೇಳಿ, ಅವರಿಗೆ ಏನೂ ನಷ್ಟವಿಲ್ಲ. ಅದೇ ವಾರ ಉತ್ತರವೂ ತಡವಾಗುತ್ತೆ ಅನ್ನೋದು ನೆನಪಿರಲಿ.

ಕೇಳಬೇಕಾದದ್ದು ಅಸೈನ್‌ಮೆಂಟ್ ಕಳಿಸಿದವರನ್ನೇ, ಅದೇ ಮೇಲ್‌ಗೆ ಉತ್ತರವಾಗಿ. ಹೊಸ ಮೇಲ್ ಬೇಡ, ಲಿಂಕ್ಡ್‌ಇನ್ ಮೆಸೇಜ್ ಬೇಡ, ಫೋನಂತೂ ಬೇಡವೇ ಬೇಡ. ಅವರು ಇಂಗ್ಲಿಷಿನಲ್ಲಿ ಬರೆದಿದ್ದರೆ ಇಂಗ್ಲಿಷ್, ಜರ್ಮನ್‌ನಲ್ಲಿ ಬರೆದಿದ್ದರೆ ಜರ್ಮನ್. ಜರ್ಮನ್ ಆದರೆ ಅವರು ನಿಮ್ಮನ್ನು ದು, ಅಂದರೆ ನೀನು, ಅಂದಿದ್ದಾರಾ, ಝೀ, ಅಂದರೆ ನೀವು, ಅಂದಿದ್ದಾರಾ ನೋಡಿ, ಅದನ್ನೇ ನೀವೂ ಹಿಡಿಯಿರಿ. ಒಕ್ಕಣೆ ಹೀಗಿರಲಿ:

"ನಮಸ್ಕಾರ, ಅಸೈನ್‌ಮೆಂಟ್ ತಲುಪಿದೆ, ಓದಿ ಕೆಲಸ ಶುರುಮಾಡಿದ್ದೇನೆ. ಸೋಮವಾರ ಮತ್ತು ಮಂಗಳವಾರ ನನ್ನ ಈಗಿನ ಕೆಲಸದಲ್ಲಿ ಮೊದಲೇ ನಿಗದಿಯಾದ ರಿಲೀಸ್ ಇದೆ. ಬುಧವಾರ 18:00ರ ಬದಲು ಶುಕ್ರವಾರ ಬೆಳಗ್ಗೆ 9:00ಕ್ಕೆ, ಬರ್ಲಿನ್ ಸಮಯ, ಸಲ್ಲಿಸಬಹುದೇ? ಇದರಿಂದ ನಿಮ್ಮ ರಿವ್ಯೂಗೆ ತೊಂದರೆಯಾಗುವುದಾದರೆ ತಿಳಿಸಿ, ಬುಧವಾರ ಎಷ್ಟು ಆಗಿರುತ್ತದೋ ಅಷ್ಟನ್ನು ಕಳಿಸುತ್ತೇನೆ."

ಇಷ್ಟೇ. ಕೊನೆಯ ವಾಕ್ಯ ಬೇಡ, ಅದರಿಂದ ನಮ್ಮ ಪಟ್ಟು ಸಡಿಲವಾಗುತ್ತೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಅದಿದ್ದರೆ ರಿಕ್ರೂಟರ್ ಯಾರನ್ನೂ ಕೇಳದೆ ಒಂದೇ ಸಾಲಿನಲ್ಲಿ ಹೂಂ ಅಥವಾ ಊಹೂಂ ಅನ್ನಬಹುದು. ಸಮಯದ ಜೊತೆ "ಬರ್ಲಿನ್ ಸಮಯ" ಅಂತ ಸೇರಿಸಿದ್ದಕ್ಕೂ ಕಾರಣವಿದೆ. ನೇಮಕಾತಿ ನೋಡಿಕೊಳ್ಳುವವರು ಎಷ್ಟೋ ಸಲ ನಮ್ಮ ಬೆಂಗಳೂರಿನಲ್ಲೇ ಕೂತಿರುತ್ತಾರೆ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ, ಅವರ 9 ಗಂಟೆ ನಿಮಗೆ ನಸುಕಿನ ನಿದ್ದೆಯ ಹೊತ್ತು.

ಮೇಲ್‌ನಲ್ಲಿ ಏನಿಲ್ಲ ಅನ್ನೋದನ್ನೂ ಗಮನಿಸಿ. ಯಾವ ಕ್ಲೈಂಟ್, ಯಾವ ಪ್ರಾಡಕ್ಟ್, ಯಾವುದು ಕೆಟ್ಟು ಕೂತಿದೆ, ಒಂದೂ ಇಲ್ಲ. ಈಗಿನ ಕಂಪನಿಯ ಒಳಗಿನ ಸಂಗತಿ ಹೊರಗಿನವರಿಗೆ ಹೇಳಿದರೆ ಅದು ಗೋಪ್ಯತೆಯ ಪ್ರಶ್ನೆ, ಓದುವವರಿಗೂ ನಾಳೆ ನಮ್ಮದನ್ನೂ ಹೀಗೇ ಹೇಳ್ತಾರೆ ಅನ್ನಿಸುತ್ತೆ. ಮೂರು ಸಲ ಕ್ಷಮೆ ಕೇಳಿದ್ದೂ ಇಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನುವ ಧಾಟಿಯೂ ಇಲ್ಲ, "ಕೆಲವು ದಿನ" ಅನ್ನುವ ಅಂದಾಜೂ ಇಲ್ಲ. ಅಂದಾಜಿಗೆ ಅವರು ಮತ್ತೆ ಎಷ್ಟು ದಿನ ಅಂತ ಕೇಳಬೇಕಾಗುತ್ತೆ, ಅಲ್ಲಿಗೆ ಒಂದು ದಿನ ಹೋಯ್ತು. ಕಾರಣವನ್ನು ದೊಡ್ಡದು ಮಾಡಿ ಮನೆಯಲ್ಲಿ ಹುಷಾರಿಲ್ಲ ಅಂತೆಲ್ಲ ಬರೆಯಬೇಡಿ. ಮುಂದಿನ ಸುತ್ತಿನಲ್ಲಿ "ಇತ್ತೀಚೆಗೆ ಏನು ರಿಲೀಸ್ ಮಾಡಿದಿರಿ" ಅಂತ ಕೇಳಿದಾಗ ನೀವೇ ಆ ವಾರದ ಕಥೆ ಹೇಳಿ ಸಿಕ್ಕಿಬೀಳ್ತೀರಿ.

ಇನ್ನು ಜನ ಹೆಚ್ಚು ಎಡವುವ ಜಾಗ: ಮನುಷ್ಯರು ಹೂಂ ಅಂದಿರುತ್ತಾರೆ, ಸಿಸ್ಟಂಗೆ ಅದು ಗೊತ್ತಿರಲ್ಲ. ಅಸೈನ್‌ಮೆಂಟ್ ಗಿಟ್‌ಹಬ್ ರೆಪೊಸಿಟರಿಯ ಆಹ್ವಾನವಾಗಿ ಬಂದಿದ್ದರೆ ಆ ಆಹ್ವಾನ 7 ದಿನಕ್ಕೆ ಸತ್ತುಹೋಗುತ್ತೆ. ನಿಮಗೆ ಬಂದದ್ದು ಗುರುವಾರ, ನೀವು ಕೊಡೋದು ಎಂಟನೇ ದಿನವಾದ ಶುಕ್ರವಾರ. ಕೊನೆಗೆ ಪುಶ್ ಮಾಡುವಾಗ ನೋಡಿಕೊಳ್ಳೋಣ ಅಂತ ಬಿಟ್ಟರೆ ಅವತ್ತು ಬೆಳಗ್ಗೆ ಬಾಗಿಲು ಮುಚ್ಚಿರುತ್ತೆ. ಇವತ್ತೇ ಸ್ವೀಕರಿಸಿ, ಒಂದು ಸಣ್ಣ ಕಮಿಟ್ ಪುಶ್ ಮಾಡಿ ಅನುಮತಿ ಇದೆಯಾ ಅಂತ ಪರೀಕ್ಷಿಸಿ.

ಹ್ಯಾಕರ್‌ರ‍್ಯಾಂಕ್, ಕೊಡಿಲಿಟಿ ಥರದ ಲಿಂಕ್ ಆಗಿದ್ದರೆ ಅಲ್ಲಿ ಎರಡು ಗಡಿಯಾರ ಓಡುತ್ತವೆ. ಒಂದು, ಲಿಂಕ್ ಯಾವತ್ತಿನವರೆಗೆ ತೆರೆಯುತ್ತೆ ಅನ್ನೋದು. ಇನ್ನೊಂದು, ಶುರು ಒತ್ತಿದ ಮೇಲೆ ಓಡುವ ನಿಮಿಷಗಳು. ನೀವು ಕೇಳೋದು ಮೊದಲನೆಯದನ್ನು. ಅದನ್ನು ರಿಕ್ರೂಟರ್ ತಮ್ಮ ಕಡೆಯಿಂದ ಬದಲಾಯಿಸಬೇಕು. ಹಾಗಾಗಿ ಒಪ್ಪಿಗೆ ಬಂದ ಮೇಲೆ ಲಿಂಕ್‌ನ ಕೊನೆಯ ದಿನಾಂಕ ನಿಜಕ್ಕೂ ಬದಲಾಗಿದೆಯಾ ನೋಡಿ, ಇಲ್ಲದಿದ್ದರೆ ಒಂದು ಸಾಲು ಬರೆದು ನೆನಪಿಸಿ. ಏನಿದೆ ನೋಡೋಣ ಅಂತ ಶುರು ಒತ್ತಿಬಿಟ್ಟ ಮೇಲೆ ಮಾತ್ರ ಲಿಂಕ್ ದಿನಾಂಕದ ಎಕ್ಸ್‌ಟೆನ್ಷನ್ ಕೆಲಸಕ್ಕೆ ಬರಲ್ಲ.

ಉತ್ತರ ಬರದಿದ್ದರೆ ಅದು ಒಪ್ಪಿಗೆ ಅಲ್ಲ. ನಾಳೆ ಬೆಳಗ್ಗೆ ಕಳಿಸಿ, ಸೋಮವಾರ ಮಧ್ಯಾಹ್ನದವರೆಗೆ ಕಾಯಿರಿ. ಆಗಲೂ ಸುದ್ದಿಯಿಲ್ಲದಿದ್ದರೆ ಅದೇ ಮೇಲ್ ಸರಣಿಯಲ್ಲಿ ಒಂದು ಸಾಲು, ಜೊತೆಗೆ ಹೈರಿಂಗ್ ಮ್ಯಾನೇಜರ್ ವಿಳಾಸ ಇದ್ದರೆ ಅವರನ್ನೂ ಪ್ರತಿಗೆ ಸೇರಿಸಿ. ರಿಕ್ರೂಟರ್ ರಜೆಯಲ್ಲಿದ್ದರೆ ತಾನಾಗಿಯೇ ಬರುವ ಉತ್ತರವನ್ನು ಪೂರ್ತಿ ಓದಿ, ಯಾರನ್ನು ಸಂಪರ್ಕಿಸಬೇಕು ಅಂತ ಸಾಮಾನ್ಯವಾಗಿ ಅದರಲ್ಲೇ ಇರುತ್ತೆ. ಬರವಣಿಗೆಯಲ್ಲಿ ಒಪ್ಪಿಗೆ ಸಿಗುವವರೆಗೆ ಬುಧವಾರ 18:00 ಅನ್ನೋದು ಹಾಗೇ ಇದೆ ಅಂತ ತಿಳಿಯಿರಿ.

ಇದರ ನಡುವೆ ಹುಷಾರಿಲ್ಲ ಅಂತ ರಜೆ ಹಾಕಿ ಅಸೈನ್‌ಮೆಂಟ್ ಮಾಡುವ ಯೋಚನೆ ಬಂದರೆ ಬಿಟ್ಟುಬಿಡಿ. ಸುಳ್ಳು ಅನಾರೋಗ್ಯ ಹೇಳೋದು ಇಲ್ಲಿ ಕೆಲಸ ಕಳೆಯುವಷ್ಟು ದೊಡ್ಡ ವಿಷಯ. ಬೇಕಿದ್ದರೆ ಗುರುವಾರಕ್ಕೆ ಅರ್ಧ ದಿನ ನಿಮ್ಮ ರಜೆಯಲ್ಲೇ ತಗೊಳ್ಳಿ, ಕಾರಣ ಹೇಳಬೇಕಿಲ್ಲ. ಕೆಲಸ ಹುಡುಕಲಿಕ್ಕೆ ಸಮಯ ಕೊಡಬೇಕು ಅಂತ ಕಾನೂನಿದೆಯಲ್ಲ ಅಂತ ಯಾರಾದರೂ ಹೇಳಿದರೆ, ಅದು ಜರ್ಮನ್ ನಾಗರಿಕ ಸಂಹಿತೆಯ 629ನೇ ಕಲಮು. ಅದು ಅನ್ವಯಿಸೋದು ನೋಟಿಸ್ ಕೊಟ್ಟಾದ ಮೇಲೆ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಮೇಲ್ ಎರಡನ್ನೂ ಈ ಕೆಲಸಕ್ಕೆ ಮುಟ್ಟಬೇಡಿ.

ಒಪ್ಪಿಗೆ ಸಿಕ್ಕ ಮೇಲೆ ಹೆಚ್ಚುವರಿ ದಿನಗಳನ್ನು ಹೆಚ್ಚುವರಿ ಫೀಚರ್‌ಗೆ ಸುರಿಯಬೇಡಿ. ಕೇಳಿದ್ದು ಒಂದು ಸಣ್ಣ ಎಪಿಐ ಆದರೆ ಲಾಗಿನ್, ಡ್ಯಾಶ್‌ಬೋರ್ಡ್, ಕುಬರ್ನೆಟಿಸ್ ಎಲ್ಲ ಹಾಕಿ ಕೊಡುವವರಿದ್ದಾರೆ. ರಿವ್ಯೂ ಮಾತುಕತೆಯಲ್ಲಿ ಎಷ್ಟು ಗಂಟೆ ಹಿಡಿಯಿತು ಅಂತ ಕೇಳೋದು ಸಾಮಾನ್ಯ. ಎಂಟು ಅಂದು ಇಪ್ಪತ್ತರ ಕೆಲಸ ತೋರಿಸಿದರೆ, ಕಮಿಟ್‌ಗಳ ಮೇಲಿನ ಸಮಯವೇ ಬೇರೆ ಮಾತು ಹೇಳುತ್ತೆ. ಎಷ್ಟು ಹೊತ್ತು ಹಿಡಿಯಿತೋ ಅಷ್ಟನ್ನು README ಕೊನೆಯಲ್ಲಿ ಒಂದು ಸಾಲಾಗಿ ಬರೆದುಬಿಡಿ.

ಆಗಲ್ಲ ಅಂದರೆ? ಕೆಲವು ಕಡೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಗಡುವು ಅಂತ ನಿಯಮ ಇಟ್ಟಿರುತ್ತಾರೆ, ಅದು ನಿಮ್ಮ ಮೇಲಿನ ಸಿಟ್ಟಲ್ಲ. ಆಗ ಕೈಯಲ್ಲಿರೋದು ಇವತ್ತಿನ ಮತ್ತು ನಾಳೆಯ ನಾಲ್ಕು ಗಂಟೆ ಮಾತ್ರ. ಆ ನಾಲ್ಕು ಗಂಟೆಯಲ್ಲಿ ಎಲ್ಲ ಭಾಗವನ್ನೂ ಅರ್ಧರ್ಧ ಮಾಡಬೇಡಿ. ಮುಖ್ಯವಾದ ಒಂದು ದಾರಿಯನ್ನು ಮೊದಲಿಂದ ಕೊನೆವರೆಗೆ ಓಡುವಂತೆ ಮಾಡಿ, ಅದಕ್ಕೆ ಎರಡೋ ಮೂರೋ ಟೆಸ್ಟ್ ಬರೆಯಿರಿ. ಓಡಿಸುವುದು ಹೇಗೆ, ಯಾವುದು ಬಿಟ್ಟಿದೆ, ಬಿಟ್ಟದ್ದನ್ನು ಹೇಗೆ ಮಾಡುತ್ತಿದ್ದಿರಿ ಅನ್ನೋದನ್ನು README ನಲ್ಲಿ ಹತ್ತು ಸಾಲಿನಲ್ಲಿ ಹೇಳಿ. ಆಮೇಲೆ ಬುಧವಾರ ಸಂಜೆಯೊಳಗೆ ಟ್ಯಾಗ್ ಹಾಕಿ ಕಳಿಸಿ:

```
git tag v1
git push origin main v1
```

ಟ್ಯಾಗ್ ಇದ್ದರೆ ಗಡುವಿಗೆ ಕೊಟ್ಟದ್ದು ಎಲ್ಲಿಯವರೆಗೆ ಅನ್ನೋದು ಸ್ಪಷ್ಟವಾಗಿರುತ್ತೆ. ಅದರ ನಂತರ ಏನಾದರೂ ಸೇರಿಸಬೇಕು ಅನ್ನಿಸಿದರೆ ಬೇರೆ ಬ್ರಾಂಚ್‌ನಲ್ಲಿ ಇಟ್ಟುಕೊಂಡು, ಅವರು ಕೇಳಿದರೆ ಮಾತ್ರ ತೋರಿಸಿ.